ಮೇಲೆ ಡಾಂಬರು, ಕೆಳಗೆ ಎರೆ

ರಸ್ತೆ ಹಾಳಾಯ್ತು ಅಂದ ಕೂಡಲೇ ನಾವೆಲ್ಲ ಬೈಯೋದು ಡಾಂಬರನ್ನ. "ತೆಳ್ಳಗೆ ಬಳಿದು ಹೋಗಿದಾರೆ ಕಣ್ರೀ, ಕೈಯಲ್ಲಿ ಕಿತ್ತರೆ ಚಪಾತಿ ಥರ ಎದ್ದು ಬರುತ್ತೆ" ಅಂತ. ಟಿವಿಯವರೂ ಅಷ್ಟೇ, ಕಾಲಲ್ಲಿ ಒದ್ದು ಡಾಂಬರು ಎಬ್ಬಿಸಿ ತೋರಿಸ್ತಾರೆ. ಕಳಪೆ ಡಾಂಬರು ಇಲ್ಲ ಅಂತ ನಾನು ಹೇಳ್ತಿಲ್ಲ, ಬೇಕಾದಷ್ಟಿದೆ. ಆದ್ರೆ ಗದಗ, ಧಾರವಾಡ, ವಿಜಯಪುರ, ರಾಯಚೂರು ಕಡೆಯ ಎರೆ ಭೂಮಿಯ ಹಳ್ಳಿ ರಸ್ತೆಗಳ ವಿಷಯದಲ್ಲಿ ಈ ಬೈಗುಳ ಬಹಳಷ್ಟು ಸಲ ತಪ್ಪು ವಿಳಾಸಕ್ಕೆ ಹೋಗ್ತಿದೆ ಅನ್ನೋದು ನನ್ನ ಅನಿಸಿಕೆ. ಅಲ್ಲಿ ರಸ್ತೆ ಸಾಯೋದು ಕೆಳಗಿನಿಂದ. ಮೇಲಿನದ್ದು ಸತ್ತ ಮೇಲೆ ಕಾಣಿಸೋ ಮುಖ ಅಷ್ಟೇ.

ನಾನು ಓದಿದ್ದು ಸಿವಿಲ್, ಮಾಡ್ತಿರೋದು ಸಾಫ್ಟ್‌ವೇರ್. (ಇದರಲ್ಲಿ ಆಶ್ಚರ್ಯ ಪಡೋರು ಈಗ ಯಾರೂ ಉಳಿದಿಲ್ಲ ಬಿಡಿ :-) ) ಕೋಡ್ ಬರೆದು ಹೊಟ್ಟೆ ಹೊರೆದರೂ ಊರಿಗೆ ಹೋದಾಗಲೆಲ್ಲ ಕಣ್ಣು ಮಾತ್ರ ರಸ್ತೆ ಮೇಲೇ ಇರುತ್ತೆ. ನಮ್ಮ ಕಾಕಾ ಒಬ್ಬರು ಪ್ರತಿ ಸಲ ಕೇಳೋದು ಒಂದೇ ಪ್ರಶ್ನೆ: "ಏನೋ ತಮ್ಮಾ ಇಂಜಿನಿಯರಾ, ಹೋದ ವರ್ಷ ಹಾಕಿದ ಡಾಂಬರ ಈ ವರ್ಷ ಎಲ್ಲಿ ಹೋತು?" ಅದು ಎಲ್ಲೂ ಹೋಗಿಲ್ಲ ಕಾಕಾ, ಕೆಳಗೆ ಇಳಿದೈತಿ ಅಂತ ಹೇಳಿದ್ರೆ ಚೇಷ್ಟೆ ಅಂದುಕೊಳ್ತಾರೆ. ಆದ್ರೆ ಅದು ಅಕ್ಷರಶಃ ನಿಜ.

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ತುಂಬಿದ ಲಾರಿಯ ಹಿಂದಿನ ಅಚ್ಚಿನ ಒಂದು ಬದಿಯ ಜೋಡಿ ಚಕ್ರದ ಮೇಲೆ ಸುಮಾರು 4 ಟನ್ ಭಾರ ಇರುತ್ತೆ. ಅದು ರಸ್ತೆಗೆ ತಾಗೋ ಜಾಗವನ್ನ 30 ಸೆಂ.ಮೀ. ಅಡ್ಡಳತೆಯ ಒಂದು ವೃತ್ತ ಅಂತ ಇಟ್ಕೊಳ್ಳಿ. ಒಂದು ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 5.7 ಕಿಲೋ ಒತ್ತಡ. ಈ ಭಾರ ಕೆಳಗೆ ಹೋಗ್ತಾ ಹೋಗ್ತಾ ಅಗಲವಾಗಿ ಹರಡಿಕೊಳ್ಳುತ್ತೆ. ಎಷ್ಟು ಆಳವೋ ಅಷ್ಟು ಅಡ್ಡಳತೆ ಹೆಚ್ಚುತ್ತೆ ಅಂತ ಒರಟಾಗಿ ಹಿಡಿದರೆ, 30 ಸೆಂ.ಮೀ. ಕೆಳಗೆ ಅದೇ ಭಾರ 60 ಸೆಂ.ಮೀ. ವೃತ್ತದ ಮೇಲೆ ಬೀಳುತ್ತೆ, ಒತ್ತಡ 1.4 ಕಿಲೋಗೆ ಇಳಿಯುತ್ತೆ. ಈಗ ನಮ್ಮ ಹಳ್ಳಿ ರಸ್ತೆಗಳ ಮೇಲೆ ಸಾಮಾನ್ಯವಾಗಿ ಹಾಕೋ ಡಾಂಬರಿನ ಪದರ ಎಷ್ಟು ದಪ್ಪ? 20 ಮಿ.ಮೀ., ಅಂದ್ರೆ ಎರಡು ಸೆಂಟಿಮೀಟರ್. ಅದೇ ಲೆಕ್ಕದಲ್ಲಿ ಅದು ಒತ್ತಡವನ್ನ 5.7ರಿಂದ 5ಕ್ಕೆ ಇಳಿಸುತ್ತೆ. ಅಷ್ಟೇ! ಡಾಂಬರಿನ ಕೆಲಸ ಭಾರ ಹೊರೋದಲ್ಲ. ನೀರು ಒಳಗೆ ಹೋಗದಂತೆ ತಡೆಯೋದು, ಕೆಳಗಿನ ಕಡಿ ಚಕ್ರಕ್ಕೆ ಸಿಕ್ಕಿ ಎದ್ದು ಬರದಂತೆ ಹಿಡಿಯೋದು. ಅದೊಂದು ರೇನ್‌ಕೋಟು. ರೇನ್‌ಕೋಟು ಹಾಕಿಕೊಂಡ ಮಾತ್ರಕ್ಕೆ ಯಾರೂ ಮೂಟೆ ಹೊರೋಕಾಗಲ್ಲ ಅಲ್ವಾ?

ಮೂಟೆ ಹೊರೋದು ಕಡಿ ಮತ್ತು ಗರಸಿನ ಪದರ, ಅದರ ಕೆಳಗೆ ತಳದ ಮಣ್ಣು. ಇಂಜಿನಿಯರುಗಳ ಭಾಷೆಯಲ್ಲಿ ಸಬ್‌ಗ್ರೇಡ್. ಇದು ಹೊಸ ಜ್ಞಾನವೇನೂ ಅಲ್ಲ. ಕಡಿ ರಸ್ತೆಗೆ ಯಾರ ಹೆಸರು ಅಂಟಿಕೊಂಡಿದೆಯೋ ಆ ಮೆಕ್ಯಾಡಂ 19ನೇ ಶತಮಾನದ ಆರಂಭದಲ್ಲೇ, ಭಾರ ಹೊರೋದು ನೆಲದ ಮಣ್ಣು, ಅದನ್ನ ಒಣಗಿರೋ ಹಾಗೆ ಇಟ್ಟುಕೊಳ್ಳೋದೇ ರಸ್ತೆ ಕೆಲಸ ಅಂತ ವಾದ ಮಾಡಿದ್ದ.

ಇನ್ನು ಎರೆ ಮಣ್ಣು. ಬೇಸಿಗೆಯಲ್ಲಿ ಅದಕ್ಕೆ ಹಾರೆ ಹಾಕಿದ್ರೆ ಹಾರೆಯೇ ಎಗರುತ್ತೆ, ಅಷ್ಟು ಗಟ್ಟಿ. ಕೈ ಇಳಿಯುವಷ್ಟು ಅಗಲ ಬಿರುಕು ಬಿಟ್ಟಿರುತ್ತೆ. ಎರಡು ಒಳ್ಳೆ ಮಳೆ ಬಿದ್ದ ಮೇಲೆ ಅದೇ ಮಣ್ಣಲ್ಲಿ ಚಪ್ಪಲಿ ಬಿಟ್ಟು ಬರಬೇಕು. ಹಾಗಾಗಿ ರಸ್ತೆಯ ದಪ್ಪ ನಿರ್ಧರಿಸೋಕೆ ಒಣ ಮಣ್ಣಿನ ಶಕ್ತಿ ನೋಡಿದ್ರೆ ಮೋಸ ಹೋದಂತೆ. ಇದಕ್ಕೇ ಸಿಬಿಆರ್ ಪರೀಕ್ಷೆ ಇರೋದು. 1920ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಹುಟ್ಟಿದ್ದು. ಮಣ್ಣನ್ನ ಒಂದು ಅಚ್ಚಿನಲ್ಲಿ ಕುಟ್ಟಿ, ನಾಲ್ಕು ದಿನ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ 5 ಸೆಂ.ಮೀ. ಅಡ್ಡಳತೆಯ ಉಕ್ಕಿನ ದಿಂಡನ್ನ ನಿಧಾನಕ್ಕೆ ಒತ್ತೋದು. ಎರಡೂವರೆ ಮಿ.ಮೀ. ಒಳಗೆ ಹೋಗೋಕೆ ಒಳ್ಳೆ ಜಲ್ಲಿಗೆ 1370 ಕಿಲೋ ಬೇಕು. ಅದು ನೂರು ಅಂತ ಲೆಕ್ಕ. ನೆನೆದ ಎರೆ ಮಣ್ಣಿಗೆ ಸಿಗೋ ಅಂಕ ಎಷ್ಟು ಗೊತ್ತಾ? ಬಹಳ ಕಡೆ ಎರಡು. ಅಂದ್ರೆ 27 ಕಿಲೋ ಚಿಲ್ಲರೆಗೆ ದಿಂಡು ಒಳಗೆ ಹೋಗಿಬಿಡುತ್ತೆ. ಒಂದು ಗೋಧಿ ಚೀಲದ ಭಾರ ಕೂಡ ಬೇಡ. ನೂರಕ್ಕೆ ಎರಡು ಅಂಕ ತೆಗೆದ ಹುಡುಗನ ತಲೆ ಮೇಲೆ ನಾವು ಈರುಳ್ಳಿ ಲಾರಿ ಓಡಿಸ್ತಾ ಇದೀವಿ.

ಇಂಥ ನೆಲದ ಮೇಲೆ ರಸ್ತೆ ಹಾಳಾಗೋ ರೀತಿಯೇ ಬೇರೆ. ಸ್ವಲ್ಪ ಗಮನಿಸಿದ್ರೆ ಯಾರು ಬೇಕಾದ್ರೂ ಗುರುತಿಸಬಹುದು. ಬರೀ ಡಾಂಬರು ಕೆಟ್ಟಿದ್ರೆ ಮೇಲಿನ ಪದರ ಸುಲಿದು ಹೋಗಿರುತ್ತೆ, ಕೆಳಗಿನ ಕಡಿ ಮಾತ್ರ ಸಮತಟ್ಟಾಗಿ, ಗಟ್ಟಿಯಾಗಿ ಕೂತಿರುತ್ತೆ. ಅದಕ್ಕೆ ಮತ್ತೆ ಡಾಂಬರು ಹಾಕಿದ್ರೆ ಸರಿಹೋಗುತ್ತೆ. ಆದ್ರೆ ಚಕ್ರ ಓಡೋ ಜಾಗದಲ್ಲಿ ಅಗಲವಾದ ತಗ್ಗು ಬಿದ್ದು, ಅದರ ಪಕ್ಕದಲ್ಲೇ ರಸ್ತೆ ಉಬ್ಬಿದ್ರೆ? ಮೊಸಳೆ ಚರ್ಮದ ಥರ ಬಿರುಕು ಬಿಟ್ಟು, ಮಳೆಯಾದ ಮೇಲೆ ಆ ಬಿರುಕಿನಿಂದ ಕಪ್ಪು ಕೆಸರು ಮೇಲೆ ಉಕ್ಕಿ ಬಂದ್ರೆ? ಆಗ ತಳವೇ ಜಾರಿದೆ ಅಂತ ಅರ್ಥ. ಅಲ್ಲಿ ಅಗೆದು ನೋಡಿ. 15 ಸೆಂ.ಮೀ. ಹಾಕಿದ್ದ ಕಡಿಯಲ್ಲಿ ಅರ್ಧ ಎರೆಯೊಳಗೆ ಮುಳುಗಿರುತ್ತೆ, ಎರೆ ಕಡಿಗಳ ಸಂದಿಯಲ್ಲಿ ಏರಿ ಬಂದಿರುತ್ತೆ. ಇದರ ಮೇಲೆ ಮತ್ತೆ 20 ಮಿ.ಮೀ. ಡಾಂಬರು ಹಾಕೋದು ಅಂದ್ರೆ ಹರಕು ಚೀಲಕ್ಕೆ ಹೊಸ ಬಣ್ಣ ಬಳಿದಂತೆ. ನಮ್ಮ ಕಡೆ ಮಾತ್ರ ಮಾಡೋದು ಅದನ್ನೇ. ಯಾಕಂದ್ರೆ ಕಪ್ಪಗೆ ಮಿಂಚೋ ರಸ್ತೆಯ ಫೋಟೋ ಬರುತ್ತೆ, ಒಳಗಿನ ಮಣ್ಣಿನ ಫೋಟೋ ಬರಲ್ಲ.

"ಹಾಗಾದ್ರೆ ಸಿಸಿ ರಸ್ತೆ ಮಾಡಿಬಿಡ್ಲಿ" ಅನ್ನೋರಿದ್ದಾರೆ. ಕಾಂಕ್ರೀಟು ಭಾರವನ್ನ ಚೆನ್ನಾಗಿ ಹರಡುತ್ತೆ, ಒಪ್ಪಿದೆ. ಆದ್ರೆ ಎರೆಯ ಸಮಸ್ಯೆ ಬರೀ ಮೆತ್ತಗಿರೋದಲ್ಲ, ಅದು ಉಬ್ಬುತ್ತೆ, ಕುಗ್ಗುತ್ತೆ. ರಸ್ತೆ ಅಂಚಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗಿದಾಗ ನಡುವಿನ ಮಣ್ಣು ಹಸಿಯಾಗೇ ಇರುತ್ತೆ. ಹಲಗೆಯ ಒಂದು ಬದಿಗೆ ಆಸರೆಯೇ ಇಲ್ಲ. ಆಗ ಉದ್ದಕ್ಕೆ ಸೀಳು ಬೀಳೋದು ಎಷ್ಟೋ ಊರಲ್ಲಿ ನೋಡಬಹುದು.

ಸರಿ, ತಳವನ್ನ ಗಟ್ಟಿ ಮಾಡೋದು ಹೇಗೆ? ದಾರಿ ಮೂರು: ಗರಸು, ಸುಣ್ಣ, ಸಿಮೆಂಟು. ಎಲ್ಲರಿಗೂ ಗೊತ್ತಿರೋದು ಗರಸು. ಒಳ್ಳೆ ಗರಸನ್ನ ಎರೆಯ ಮೇಲೆ ದಪ್ಪಗೆ ಹಾಕಿ ರೋಲರ್ ಓಡಿಸೋದು. ಕ್ವಾರಿ ಹತ್ತಿರ ಇದ್ರೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಎರಡು ಷರತ್ತು ಮಾತ್ರ ಇವೆ. ಮೊದಲನೆಯದು, ಗರಸಿನಲ್ಲೇ ಜಿಗುಟು ಮಣ್ಣು ಇರಬಾರದು. ಅದರ ಸಣ್ಣ ಪುಡಿಯನ್ನ ನೆನೆಸಿ ಅಂಗೈಯಲ್ಲಿ ಹೊಸೆದು ನೋಡಿ. ಶಾವಿಗೆ ಹೊಸೆದ ಹಾಗೆ ತೆಳ್ಳಗೆ ಎಳೆ ಬರ್ತಾ ಹೋದ್ರೆ ಅದು ಗರಸಿನ ವೇಷದ ಜೇಡಿ. ಮುರಿದು ಮುರಿದು ಬಿದ್ರೆ ಒಳ್ಳೆಯದು. ಎರಡನೆಯದು, ದಪ್ಪ ಕಡಿಯನ್ನ ನೇರವಾಗಿ ಎರೆಯ ಮೇಲೆ ಸುರಿಯಬಾರದು. ನಡುವೆ ಮರಳೋ, ಕಲ್ಲುಪುಡಿಯೋ ಒಂದು ತೆಳು ಪದರ ಬೇಕು, ಇಲ್ಲಾಂದ್ರೆ ಮೇಲೆ ಹೇಳಿದ ಹಾಗೆ ಕಡಿ ಕೆಳಗೆ, ಕೆಸರು ಮೇಲೆ. ಇದನ್ನ ಬಿಟ್ಟುಬಿಡೋದು ಬಹಳ ಸಾಮಾನ್ಯ, ಯಾಕಂದ್ರೆ ಆಮೇಲೆ ಅದು ಇದೆಯೋ ಇಲ್ಲವೋ ಅಂತ ಯಾರಿಗೂ ಕಾಣಲ್ಲ.

ಆದ್ರೆ ಎರೆ ಸೀಮೆಯ ನಟ್ಟನಡುವೆ ಗರಸು ಸಿಗೋದು ದೂರ. 1 ಕಿ.ಮೀ. ಉದ್ದ, 3.75 ಮೀ. ಅಗಲಕ್ಕೆ 30 ಸೆಂ.ಮೀ. ಗರಸು ಅಂದ್ರೆ ಕುಟ್ಟಿದ ಮೇಲೆ 1125 ಘನ ಮೀಟರ್. ಸಡಿಲವಾಗಿ ಅಳೆದರೆ ಸುಮಾರು 1450. 6 ಘನ ಮೀಟರಿನ ಟಿಪ್ಪರಾದ್ರೆ 240 ಟ್ರಿಪ್ಪು. ಒಂದು ಹಳ್ಳಿ ರಸ್ತೆ ಮಾಡೋಕೆ ಅಕ್ಕಪಕ್ಕದ ನಾಲ್ಕು ಹಳ್ಳಿ ರಸ್ತೆ ಮೇಲೆ 240 ಸಲ ತುಂಬಿದ ಟಿಪ್ಪರ್ ಓಡಬೇಕು! ಇದರಲ್ಲಿ ಅರ್ಧ ಉಳಿಸೋಕೆ ದಾರಿ ಇದೆ ಅನ್ನೋದೇ ನನ್ನ ವಾದ. ಆ ದಾರಿ ಸುಣ್ಣ.

ಎಲೆ ಅಡಿಕೆಗೆ ಹಚ್ಚೋ ಅದೇ ಸುಣ್ಣ, ಗೋಡೆಗೆ ಬಳಿಯೋ ಅದೇ ಸುಣ್ಣ. ಎರೆ ಮಣ್ಣಿನ ಕಣಗಳು ಅಂದ್ರೆ ತುಂಬಾ ತೆಳುವಾದ ಹಾಳೆಗಳು. ಹಾಳೆಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತೆ. ಸುಣ್ಣದ ಕ್ಯಾಲ್ಸಿಯಂ ಈ ಹಾಳೆಗಳನ್ನ ಹತ್ತಿರಕ್ಕೆ ಎಳೆದು ಗುಂಪು ಗುಂಪಾಗಿ ಕಟ್ಟುತ್ತೆ. ಇದು ಕೆಲವೇ ಗಂಟೆಗಳಲ್ಲಿ ಶುರುವಾಗಿಬಿಡುತ್ತೆ. ಕೈಗೆ, ಕಾಲಿಗೆ ಅಂಟ್ತಾ ಇದ್ದ ಮಣ್ಣು ಉಪ್ಪಿಟ್ಟಿನ ಹಾಗೆ ಉದುರುದುರಾಗುತ್ತೆ. ಎರಡನೇ ಹಂತ ನಿಧಾನ. ಸುಣ್ಣ ಸಾಕಷ್ಟಿದ್ರೆ ಮಣ್ಣಿನಲ್ಲೇ ಇರೋ ಸಿಲಿಕಾ, ಅಲ್ಯುಮಿನಾ ಕರಗಿ, ಸುಣ್ಣದ ಜೊತೆ ಸೇರಿ ಸಿಮೆಂಟಿನಲ್ಲಿರೋ ಅಂಥದ್ದೇ ಅಂಟು ಹುಟ್ಟುತ್ತೆ. ಇದು ತಿಂಗಳುಗಟ್ಟಲೆ ನಡೀತಾನೇ ಇರುತ್ತೆ, ಬಿಸಿಲಿದ್ದಷ್ಟೂ ಬೇಗ. ನಮ್ಮ ಕಡೆ ಬಿಸಿಲಿಗೇನು ಬರ! ನೆನೆದಾಗ ಎರಡು ಅಂಕ ತೆಗೀತಿದ್ದ ಎರೆ, ಹದವಾಗಿ ಸುಣ್ಣ ಕಲಸಿ ಹದ ಬಂದ ಮೇಲೆ ಹತ್ತು ದಾಟೋದು ಅಪರೂಪವಲ್ಲ.

ಈಗ ಅದೇ 1 ಕಿ.ಮೀ. ರಸ್ತೆಗೆ ಲೆಕ್ಕ ಹಾಕೋಣ. ಎರೆಯ ಮೇಲಿನ 15 ಸೆಂ.ಮೀ.ಗೆ ನೂರಕ್ಕೆ 4ರಷ್ಟು ಸುಣ್ಣ. (ಎಷ್ಟು ಬೇಕು ಅನ್ನೋದನ್ನ ಆ ಊರಿನ ಮಣ್ಣಿನಲ್ಲೇ ಪರೀಕ್ಷೆ ಮಾಡಿ ನಿರ್ಧರಿಸಬೇಕು, ಇಲ್ಲಿ 4 ಅಂತ ಇಟ್ಕೊಂಡಿದೀನಿ.) ಒಂದು ಚದರ ಮೀಟರ್ ಜಾಗದಲ್ಲಿ 15 ಸೆಂ.ಮೀ. ಆಳಕ್ಕೆ ಒಣ ಮಣ್ಣು ಸುಮಾರು 225 ಕಿಲೋ. ಅದರ ನೂರಕ್ಕೆ 4 ಅಂದ್ರೆ 9 ಕಿಲೋ. 3.75 ಮೀ. ಅಗಲದ ರಸ್ತೆಯಲ್ಲಿ 25 ಕಿಲೋ ಚೀಲ ಒಂದನ್ನ ಪ್ರತಿ 74 ಸೆಂ.ಮೀ.ಗೆ ಸುರಿಯಬೇಕು, ಹೆಚ್ಚುಕಡಿಮೆ ಒಂದು ಹೆಜ್ಜೆಗೆ ಒಂದು ಚೀಲ. ಕಿಲೋಮೀಟರಿಗೆ 1350 ಚೀಲ. ಅಂಚುಗಳಿಗೂ ಸೇರಿಸಿದ್ರೆ ಇನ್ನೂ ಹೆಚ್ಚು. ಈ ಲೆಕ್ಕದ ಸೊಗಸು ನೋಡಿ, ಊರಿನ ಯಾವ ಹುಡುಗ ಬೇಕಾದ್ರೂ ಕಟ್ಟೆ ಮೇಲೆ ಕೂತು ಚೀಲ ಎಣಿಸಬಹುದು. ಡಾಂಬರಿನಲ್ಲಿ ಎಷ್ಟು ಪರ್ಸೆಂಟ್ ಬಿಟುಮೆನ್ ಇದೆ ಅಂತ ಕಟ್ಟೆ ಮೇಲೆ ಕೂತು ಹೇಳೋಕಾಗುತ್ತಾ?

ಕೆಲಸದ ಕ್ರಮವೂ ರೈತರಿಗೆ ಗೊತ್ತಿರೋದೇ. ಟ್ರಾಕ್ಟರಿಗೆ ಕಲ್ಟಿವೇಟರ್ ಕಟ್ಟಿ 15 ಸೆಂ.ಮೀ. ಸಡಿಲ ಮಾಡೋದು, ಹಿಂದಿನ ಸಂಜೆ ನೀರು ಚಿಮುಕಿಸಿಟ್ಟರೆ ಹೆಂಟೆ ಒಡೆಯೋದು ಸುಲಭ. ಆಮೇಲೆ ಚೀಲಗಳನ್ನ ಅಳತೆಯಲ್ಲಿ ಇಟ್ಟು, ಬಿಚ್ಚಿ, ಸಮವಾಗಿ ಹರಡಿ, ರೋಟವೇಟರ್ ಹೊಡೆದು, ನೀರು ಹಾಕಿ, ಒಂದೆರಡು ದಿನ ಹಾಗೇ ಬಿಡೋದು. ಈ ಬಿಡೋದಿದೆಯಲ್ಲ, ಇದು ಮುಖ್ಯ. ಸುಣ್ಣ ಹೆಂಟೆಯೊಳಗೆ ಇಳಿದು ಅದನ್ನ ಮೆದು ಮಾಡೋಕೆ ಸಮಯ ಬೇಕು, ದೋಸೆ ಹಿಟ್ಟು ಹುದುಗಿಗೆ ಬಿಟ್ಟ ಹಾಗೆ. ಮತ್ತೆ ರೋಟವೇಟರ್ ಹೊಡೆದು ಕಲಸಿ, ಆದಷ್ಟು ಬೇಗ, ಮೂರು ಗಂಟೆ ಮೀರದಂತೆ ರೋಲರ್ ಹತ್ತಿಸಬೇಕು. ಆಮೇಲೆ ಏಳು ದಿನ ಹಸಿ ಆರದಂತೆ ನೋಡಿಕೊಂಡು, ಗಾಡಿ ಬಿಡಬಾರದು.

ತಪ್ಪೋದು ಎಲ್ಲಿ? ಮೊದಲನೇ ಜಾಗ ಸುಣ್ಣವೇ. ಗಾಳಿಗೆ ಬಿಟ್ಟ ಸುಣ್ಣ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಿನ ಪುಡಿಯಾಗಿಬಿಡುತ್ತೆ. ಬಣ್ಣ ಬೆಳ್ಳಗೇ ಇರುತ್ತೆ, ಕೆಲಸಕ್ಕೆ ಮಾತ್ರ ಬರಲ್ಲ. ಹಾಗೇ, 70 ಭಾಗ ಶುದ್ಧ ಸುಣ್ಣ ಅಂತ ಲೆಕ್ಕ ಹಾಕಿ 50 ಭಾಗದ್ದು ತಂದ್ರೆ 1350 ಚೀಲದ ಕೆಲಸಕ್ಕೆ 1890 ಚೀಲ ಬೇಕು. ಹಾಗಾಗಿ ಚೀಲ ಎಣಿಸಿದ್ರೆ ಮಾತ್ರ ಸಾಲದು, ಸುಣ್ಣದ ಪರೀಕ್ಷೆಯ ವರದಿಯನ್ನೂ ಕೇಳಬೇಕು. ಎರಡನೇ ಜಾಗ ಆಳ. ರೋಟವೇಟರ್ ಮೇಲೆ ಮೇಲೆ ಓಡಿಸಿ 7 ಸೆಂ.ಮೀ. ಮಾತ್ರ ಕಲಸಿದ್ರೆ ಮೇಲಿನಿಂದ ಗೊತ್ತೇ ಆಗಲ್ಲ. ಇದಕ್ಕೊಂದು ಚಂದದ ಉಪಾಯ ಇದೆ. ಪಿಯುಸಿ ಲ್ಯಾಬಿನ ಫಿನಾಫ್ತಲೀನ್ ನೆನಪಿದೆಯಾ? ಟೈಟ್ರೇಶನ್ ಮಾಡುವಾಗ ಗುಲಾಬಿ ಬಣ್ಣ ಬರ್ತಿತ್ತಲ್ಲ, ಅದೇ. ಕಲಸಿದ ಹೊಸದರಲ್ಲಿ ಒಂದು ಸಣ್ಣ ಗುಂಡಿ ತೋಡಿ ಅದರ ಗೋಡೆಗೆ ಸಿಂಪಡಿಸಿದ್ರೆ ಸುಣ್ಣ ತಲುಪಿರೋ ತನಕ ಗುಲಾಬಿ, ಅದರ ಕೆಳಗೆ ಬರೀ ಕಪ್ಪು. ಸ್ಕೇಲ್ ಇಟ್ಟು ಅಳೆದುಬಿಡಬಹುದು. ಹೆಂಟೆ ಒಡೆದು ನೋಡಿದಾಗ ಹೊರಗೆ ಗುಲಾಬಿ, ಒಳಗೆ ಕಪ್ಪು ಕಂಡ್ರೆ ಕಲಸಿದ್ದು ಸಾಲದು ಅಂತಾನೂ ಗೊತ್ತಾಗುತ್ತೆ.

ಸುಣ್ಣಕ್ಕೆ ಮಿತಿಗಳೂ ಇವೆ, ಮುಚ್ಚಿಡೋದು ಬೇಡ. ಜಿಪ್ಸಂ ಇರೋ ನೆಲಕ್ಕೆ ಸುಣ್ಣ ಹಾಕಿದ್ರೆ ಉಲ್ಟಾ ಹೊಡೆಯುತ್ತೆ. ಸಲ್ಫೇಟು, ಸುಣ್ಣ, ಜೇಡಿಯ ಅಲ್ಯುಮಿನಾ ಮೂರೂ ಸೇರಿ ಉಬ್ಬೋ ಹರಳು ಹುಟ್ಟಿ ರಸ್ತೆಯನ್ನೇ ಎತ್ತಿಬಿಡುತ್ತೆ. ಅಮೆರಿಕದ ಲಾಸ್ ವೇಗಸ್‌ನ ಸ್ಟೀವರ್ಟ್ ಅವೆನ್ಯೂ ಅನ್ನೋ ರಸ್ತೆ ಹೀಗೆ ಉಬ್ಬಿದ್ದನ್ನ ವಿವರಿಸಿದ 1988ರ ಪ್ರಬಂಧ ಈ ವಿಷಯ ಓದೋರಿಗೆಲ್ಲ ಪರಿಚಿತ. ಹಾಗಾಗಿ ಸಲ್ಫೇಟ್ ಪರೀಕ್ಷೆ ಮೊದಲು ಆಗಲೇಬೇಕು. ಮತ್ತೆ ಸುಣ್ಣದ ಧೂಳು ಕಣ್ಣಿಗೆ, ಚರ್ಮಕ್ಕೆ ಅಪಾಯ. ಗಾಳಿ ಏಳೋ ಮುಂಚೆ ಬೆಳಿಗ್ಗೆ ಹರಡಬೇಕು, ಕೆಲಸದವರಿಗೆ ಕನ್ನಡಕ, ಗ್ಲೌಸು, ಬೂಟು ಕೊಡಬೇಕು. ಬರಿಗಾಲಲ್ಲಿ ಸುಣ್ಣ ತುಳಿಸೋ ಹಾಗಿದ್ರೆ ನನ್ನ ಈ ಬರಹವನ್ನ ಹಿಂದಕ್ಕೆ ತಗೋತೀನಿ.

ಹಾಗಾದ್ರೆ ಸಿಮೆಂಟು ಯಾಕಲ್ಲ, ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತಲ್ಲ ಅಂತೀರಾ? ಮರಳು ಮಿಶ್ರಿತ ಮಸಾರಿ ನೆಲಕ್ಕೆ, ಸಡಿಲ ಗರಸಿಗೆ ಸಿಮೆಂಟೇ ಸರಿ. ಅಲ್ಲಿ ಜೇಡಿ ಕಡಿಮೆ, ಸುಣ್ಣಕ್ಕೆ ಕೂಡಿಕೊಳ್ಳೋಕೆ ಜೊತೆಗಾರರೇ ಇಲ್ಲ. ಸಿಮೆಂಟಿಗಾದ್ರೆ ತನ್ನ ಅಂಟು ತನ್ನೊಳಗೇ ಇದೆ. ಆದ್ರೆ ಎರೆಗೆ ಸಿಮೆಂಟು ಕಲಸೋದು ಅಂದ್ರೆ ಗಂಟು ಬಿದ್ದ ಮುದ್ದೆಗೆ ತುಪ್ಪ ಹಚ್ಚಿದ ಹಾಗೆ, ಹೊರಗಷ್ಟೇ ಅಂಟುತ್ತೆ. ಸಿಮೆಂಟು ಕಾಯೋದೂ ಇಲ್ಲ, ನೀರು ಬಿದ್ದು ಎರಡು ಗಂಟೆಯೊಳಗೆ ಕಲಸಿ ಕುಟ್ಟಿ ಮುಗಿಸಬೇಕು. ಹಳ್ಳಿಯಲ್ಲಿ ನೀರಿನ ಟ್ಯಾಂಕರ್ ಬರೋದೇ ಎರಡು ಗಂಟೆ ತಡ! ಬೇಕಿದ್ರೆ ಮೊದಲು ಸ್ವಲ್ಪ ಸುಣ್ಣ ಹಾಕಿ ಎರೆಯನ್ನ ಉದುರು ಮಾಡಿಕೊಂಡು, ಆಮೇಲೆ ಸಿಮೆಂಟು ಕಲಸಬಹುದು. ಖರ್ಚು ಎರಡು.

ಇಷ್ಟೆಲ್ಲಾ ಮಾಡಿ ಚರಂಡಿ ಮಾಡದಿದ್ರೆ? ಎಲ್ಲಾ ನೀರಿಗೆ ಹೋಮ. ಹೊಲದ ಮಟ್ಟಕ್ಕಿಂತ ರಸ್ತೆ ಎತ್ತರ ಇರಬೇಕು, ಅಂಚಿನ ಮಣ್ಣು ನೀರನ್ನ ಹೊರಗೆ ಸಾಗಿಸೋ ಹಾಗೆ ಇಳಿಜಾರಾಗಿರಬೇಕು. ನಮ್ಮ ರೈತ ಬಂಧುಗಳು ಉಳುಮೆ ಮಾಡ್ತಾ ಮಾಡ್ತಾ ರಸ್ತೆ ಚರಂಡಿಯನ್ನ ಹೊಲಕ್ಕೆ ಸೇರಿಸಿಕೊಳ್ಳೋದನ್ನೂ ಇಲ್ಲಿ ಹೇಳಲೇಬೇಕು. ಬೈದ್ರೂ ಪರವಾಗಿಲ್ಲ.

ಇದೆಲ್ಲ ಇಂಜಿನಿಯರುಗಳಿಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಹಳ್ಳಿ ರಸ್ತೆಗಳಿಗಾಗಿಯೇ ಇರೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 72 ಅನ್ನೋ ಕೈಪಿಡಿ ಮಣ್ಣನ್ನ ಸಿಬಿಆರ್ ಪ್ರಕಾರ ಐದು ವರ್ಗ ಮಾಡಿ, 2 ಇರೋದನ್ನ ತೀರಾ ಕಳಪೆ ಅಂತ ಹೆಸರಿಟ್ಟೇ ಕರೆಯುತ್ತೆ. ಗೊತ್ತಿಲ್ಲದಿರೋದು ನಮಗೆ, ಅದಕ್ಕೇ ಕೇಳೋದು ಡಾಂಬರನ್ನ ಮಾತ್ರ. ಕೇಳಿದ್ದನ್ನೇ ಕೊಡ್ತಾರೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, 2029ರ ಮಾರ್ಚ್ ತನಕ ದೇಶದಲ್ಲಿ 62,500 ಕಿ.ಮೀ. ರಸ್ತೆಯ ಗುರಿ. ಎರೆ ಸೀಮೆಯಲ್ಲಿ ಇದರ ಪಾಲು ಎಷ್ಟೇ ಬರಲಿ, ತಳಕ್ಕೆ ಏನು ಮಾಡ್ತೀರಿ ಅಂತ ಕೇಳೋಕೆ ಸರಿಯಾದ ಸಮಯ ಅಂದಾಜುಪಟ್ಟಿ ಆಗುವಾಗ. ಡಾಂಬರು ಬಿದ್ದ ಮೇಲೆ ಅಲ್ಲ. ಈ ಯೋಜನೆಯ ರಸ್ತೆಗಳಲ್ಲಿ ಪ್ರತಿ ಪದರಕ್ಕೆ ಎಷ್ಟು ಸಾಮಾನು ಅಂತ ಸ್ಥಳೀಯ ಭಾಷೆಯಲ್ಲಿ ಬರೆದ ಫಲಕ ಹಾಕಬೇಕು ಅನ್ನೋ ನಿಯಮವೂ ಇದೆ. ನಾವು ಅದರಲ್ಲಿ ಓದೋದು ಗುತ್ತಿಗೆದಾರನ ಹೆಸರು, ಮೊತ್ತ ಎರಡೇ.

ಮುಗಿದ ಮೇಲೂ ಪರೀಕ್ಷೆ ಮಾಡೋಕೆ ದೊಡ್ಡ ಲ್ಯಾಬ್ ಬೇಡ. ಡೈನಮಿಕ್ ಕೋನ್ ಪೆನೆಟ್ರೋಮೀಟರ್ ಅಂತ ಒಂದು ಸಾಧನ ಇದೆ, ಹೆಸರು ದೊಡ್ಡದು, ವಸ್ತು ಸರಳ. ಒಂದು ಕಬ್ಬಿಣದ ಸಲಾಕೆ, ತುದಿಯಲ್ಲಿ ಕೋನ್, ಮೇಲೆ 57.5 ಸೆಂ.ಮೀ. ಎತ್ತರದಿಂದ ಬೀಳೋ 8 ಕಿಲೋ ಸುತ್ತಿಗೆ. ಒಂದು ಪೆಟ್ಟಿಗೆ ಎಷ್ಟು ಮಿಲಿಮೀಟರ್ ಇಳಿಯಿತು ಅಂತ ನೋಡಿದ್ರೆ ಸಿಬಿಆರ್ ಅಂದಾಜು ಸಿಗುತ್ತೆ. ಕೋಡಿನವರಿಗಾಗಿ ಸೂತ್ರ:

```
log10(CBR) = 2.48 - 1.057 * log10(mm_per_blow)
```

ಪೆಟ್ಟಿಗೆ 100 ಮಿ.ಮೀ. ಇಳಿದ್ರೆ ಸಿಬಿಆರ್ ಎರಡರ ಆಸುಪಾಸು, 20 ಮಿ.ಮೀ. ಇಳಿದ್ರೆ ಹನ್ನೆರಡು ಚಿಲ್ಲರೆ. ಆದ್ರೆ ಇದನ್ನ ಏಪ್ರಿಲ್‌ನಲ್ಲಿ ಮಾಡಿಸಿ ಖುಷಿ ಪಡಬೇಡಿ, ಆಗ ಬರಿ ಎರೆಯೂ ಫಸ್ಟ್ ಕ್ಲಾಸಲ್ಲಿ ಪಾಸಾಗುತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ, ನೆಲ ಚೆನ್ನಾಗಿ ನೆನೆದಿರುವಾಗ ಮಾಡಿಸಿ.

ನನ್ನ ಲೆಕ್ಕವೆಲ್ಲ ಎರೆ ಸೀಮೆಯದ್ದು. ಕರಾವಳಿಯ ಗದ್ದೆ ಬಯಲಿನ ರಸ್ತೆಗಳಲ್ಲಿ, ಮಲೆನಾಡಿನ ಜೇಡಿಯಲ್ಲಿ ತಳಕ್ಕೆ ಏನು ಹಾಕ್ತಾರೆ? ಆ ಕಡೆಯವರು, ಅದರಲ್ಲೂ ನನ್ನ ಹಾಗೆ ಓಡಿಹೋಗದೆ ಸಿವಿಲ್‌ನಲ್ಲೇ ಉಳಿದವರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ, ಓದೋಕೆ ಕಾಯ್ತಿರ್ತೀನಿ.